ಬಿಲ್ಲಿನ ಎರಡು ಮೊತ್ತ, ಎರಡು ದಿನಾಂಕ

ಕ್ರೆಡಿಟ್ ಕಾರ್ಡಿನ ಬಗ್ಗೆ ಮಾತನಾಡಲು ಕಾಲೇಜಿನವರು ಕರೆಯುವುದು ಸಾಮಾನ್ಯವಾಗಿ ಕೊನೆಯ ಸೆಮಿಸ್ಟರಿನ ಕೊನೆಯ ವಾರಗಳಲ್ಲಿ. ಅಷ್ಟು ಹೊತ್ತಿಗೆ ಕ್ಯಾಂಪಸ್ ಸಂದರ್ಶನ ಮುಗಿದಿರುತ್ತದೆ, ಕೆಲವರ ಕೈಗೆ ಆಫರ್ ಲೆಟರ್ ಬಂದಿರುತ್ತದೆ. ಇನ್ನು ಮೂರ್ನಾಲ್ಕು ತಿಂಗಳಲ್ಲಿ ಬೆಂಗಳೂರಿನ ಯಾವುದೋ ಪಿ.ಜಿ.ಯ ಮಂಚದ ಮೇಲೆ ಕುಳಿತಾಗ ‘ನಿಮಗೆ ಕಾರ್ಡ್ ಮಂಜೂರಾಗಿದೆ’ ಎಂಬ ಮೆಸೇಜು ಇವರ ಫೋನಿಗೆ ಬರುತ್ತದೆ. ಸಂಬಳದ ಖಾತೆ ತೆರೆದ ಬ್ಯಾಂಕೇ ಅದನ್ನು ಕಳಿಸುತ್ತದೆ.

ಇತ್ತೀಚೆಗೆ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅಂತಿಮ ಬಿ.ಕಾಂ. ಮತ್ತು ಬಿ.ಸಿ.ಎ. ಮಕ್ಕಳ ಮುಂದೆ ನಿಂತಿದ್ದೆ. ಪರಿಚಯ ಮಾಡಿಕೊಟ್ಟ ಕನ್ನಡ ಮೇಷ್ಟ್ರು ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದನ್ನು ರಾಗವಾಗಿ ಹೇಳಿ ಕುಳಿತರು. ನಾನೂ ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಎನ್ನುತ್ತೇನೆಂದು ಮಕ್ಕಳು ಕಾಯುತ್ತಿದ್ದರು. ಆ ಮಾತು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದವರೂ ಕಾರ್ಡಿನಲ್ಲಿ ಸಿಕ್ಕಿಕೊಳ್ಳುವುದನ್ನು ಬ್ಯಾಂಕಿನ ಕೌಂಟರಿನ ಒಳಗಿಂದ ವರ್ಷಗಟ್ಟಲೆ ನೋಡಿದವನು ನಾನು. ಅವರಲ್ಲಿ ಹೆಚ್ಚಿನವರು ದುಂದುಗಾರರಾಗಿರಲಿಲ್ಲ. ಬಿಲ್ಲು ಓದಲು ಬಾರದವರಾಗಿದ್ದರು. ಆದ್ದರಿಂದ ಆ ಇಡೀ ಗಂಟೆ ಗೋಡೆಯ ಪರದೆಯ ಮೇಲೆ ಒಂದೇ ಒಂದು ಬಿಲ್ಲು ಹಾಕಿಟ್ಟೆ. ಅದು ನಾನೇ ಕಟ್ಟಿದ ಉದಾಹರಣೆ, ಆದರೆ ಅಂಥವು ಪ್ರತಿ ತಿಂಗಳೂ ಬರುತ್ತವೆ.

ಬಿಲ್ಲಿನ ಒಡತಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಕೈಗೆ ಬರುವ ಸಂಬಳ 26,000 ರೂಪಾಯಿ. ಕಾರ್ಡಿನ ಮಿತಿ 60,000. ಸಂಬಳದ ಎರಡು ಪಟ್ಟಿಗಿಂತ ಹೆಚ್ಚು ಮಿತಿ ಏಕೆ ಎಂದು ಮುಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಮಿತಿ ಎನ್ನುವುದು ಬ್ಯಾಂಕು ಎಷ್ಟು ಅಪಾಯ ತಡೆದುಕೊಳ್ಳಬಲ್ಲದು ಎಂಬ ಲೆಕ್ಕ, ನೀವು ಎಷ್ಟು ತೀರಿಸಬಲ್ಲಿರಿ ಎಂಬ ಲೆಕ್ಕವಲ್ಲ ಎಂದೆ. ಅವನು ಅದನ್ನು ಬರೆದುಕೊಂಡ.

ಈ ಕಾರ್ಡಿನ ಬಿಲ್ಲು ಪ್ರತಿ ತಿಂಗಳು 12ನೇ ತಾರೀಕು ತಯಾರಾಗುತ್ತದೆ. ಅದು ಸ್ಟೇಟ್‌ಮೆಂಟ್ ದಿನ. ಹಣ ಕಟ್ಟಲು ಅಲ್ಲಿಂದ 20 ದಿನ, ಅಂದರೆ ಮುಂದಿನ ತಿಂಗಳ 1ನೇ ತಾರೀಕಿನವರೆಗೆ ಅವಕಾಶ. ಅದು ಡ್ಯೂ ಡೇಟ್. ಜೂನ್ 13ರಿಂದ ಜುಲೈ 12ರವರೆಗೆ ಕೊಂಡದ್ದೆಲ್ಲ ಜುಲೈ 12ರ ಬಿಲ್ಲಿಗೆ ಬರುತ್ತದೆ, ಆಗಸ್ಟ್ 1ಕ್ಕೆ ಕಟ್ಟಬೇಕು. ಹಾಗಾಗಿ ಜೂನ್ 13ರಂದು ಕೊಂಡ ವಸ್ತುವಿಗೆ 49 ದಿನ ಬಡ್ಡಿಯಿಲ್ಲದ ಸಾಲ ಸಿಕ್ಕಿದರೆ, ಜುಲೈ 12ರಂದು ಕೊಂಡದ್ದಕ್ಕೆ ಸಿಗುವುದು 20 ದಿನ ಮಾತ್ರ. ‘50 ದಿನ ಬಡ್ಡಿಯಿಲ್ಲ’ ಎಂದು ಜಾಹೀರಾತು ಹೇಳುವಾಗ ‘ವರೆಗೆ’ ಎಂಬ ಪದ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಆ ತಿಂಗಳು ಅವಳು ಕಾರ್ಡು ಉಜ್ಜಿದ್ದು ಎರಡೇ ಸಲ. ಜುಲೈ 5ರಂದು ಆಫೀಸಿಗೆ ಹಾಕಿಕೊಳ್ಳುವ ಬಟ್ಟೆಗೆ 4,000. ಅದಕ್ಕೂ ಮೊದಲು, ಜೂನ್ 20ರಂದು 24,000 ರೂಪಾಯಿಯ ಫೋನು. ಫೋನು ಅವಳದ್ದಲ್ಲ, ಗೆಳತಿಯದು. ಆನ್‌ಲೈನ್ ಸೇಲಿನಲ್ಲಿ ಆ ಬ್ಯಾಂಕಿನ ಕಾರ್ಡಿಗೆ ರಿಯಾಯಿತಿ ಇತ್ತು. ‘ನಿನ್ನ ಕಾರ್ಡಲ್ಲಿ ಹಾಕು ಮಾರಾಯ್ತಿ, ತಿಂಗಳಿಗೆ ನಾಲ್ಕು ಸಾವಿರದಂತೆ ಫೋನ್‌ಪೇ ಮಾಡ್ತೀನಿ’ ಎಂದಳು ಗೆಳತಿ. ಇದನ್ನು ಹೇಳಿದಾಗ ಹಾಲಿನಲ್ಲಿ ನಗು ಎದ್ದಿತು. ಅಂಥ ಗೆಳತಿ ಎಲ್ಲರಿಗೂ ಇದ್ದಾಳೆ.

ಜುಲೈ 12ರ ಬಿಲ್ಲಿನಲ್ಲಿ ಎರಡು ಮೊತ್ತ ಬಂತು. ಟೋಟಲ್ ಅಮೌಂಟ್ ಡ್ಯೂ 28,000. ಅದರ ಕೆಳಗೆ ಮಿನಿಮಮ್ ಅಮೌಂಟ್ ಡ್ಯೂ, ನೂರಕ್ಕೆ ಐದರಂತೆ 1,400. ಗೆಳತಿ ಆ ತಿಂಗಳ 4,000 ಕೊಟ್ಟಿದ್ದಳು, ಅದು ಊಟ-ಓಡಾಟಕ್ಕೆ ಖರ್ಚಾಗಿತ್ತು. ಇವಳ ಸಂಬಳ ಬರುವುದು 5ನೇ ತಾರೀಕು, ಡ್ಯೂ ಡೇಟ್ 1. ಖಾತೆಯಲ್ಲಿ ಇದ್ದದ್ದು ಎರಡು ಸಾವಿರ ಚಿಲ್ಲರೆ. 1,400 ಕಟ್ಟಿದಳು. ಆ್ಯಪಿನಲ್ಲಿ ಹಸಿರು ಬಣ್ಣದ ಟಿಕ್ ಗುರುತು ಮೂಡಿತು, ‘ಧನ್ಯವಾದಗಳು’ ಎಂದಿತು. ಆಗಸ್ಟ್ 3ರಂದು ಊರಿಗೆ ಹೋಗುವಾಗ ಮನೆಯವರಿಗೆಂದು ಇನ್ನೊಂದು 3,000 ರೂಪಾಯಿಯ ಖರೀದಿಗೆ ಕಾರ್ಡು ಬಳಸಿದಳು.

‘ಆಗಸ್ಟ್ 12ರ ಬಿಲ್ಲಿನಲ್ಲಿ ಎಷ್ಟಿರಬೇಕು?’ ಎಂದು ಕೇಳಿದೆ. 28,000ದಲ್ಲಿ 1,400 ಹೋದರೆ 26,600, ಹೊಸ 3,000 ಸೇರಿ 29,600 ಎಂದು ಬಿ.ಕಾಂ. ಮಕ್ಕಳು ಕೂಡಲೇ ಹೇಳಿದರು. ಬಡ್ಡಿ ಎಷ್ಟು ಹಾಕೋಣ ಎಂದಾಗ ಗೊಂದಲ ಶುರುವಾಯಿತು. ಕೆಲವರು 26,600ಕ್ಕೆ ಆಗಸ್ಟ್ 1ರಿಂದ 12ರವರೆಗೆ ಎಂದರು. ಸಾಲ ಬಾಕಿ ಉಳಿದದ್ದು 1ನೇ ತಾರೀಕಿನಿಂದ ತಾನೇ ಎಂಬುದು ಅವರ ವಾದ. ನ್ಯಾಯವಾದ ವಾದ, ಆದರೆ ಕಾರ್ಡಿನ ಕರಾರು ಹಾಗಿಲ್ಲ.

ನಮ್ಮೂರ ಕಿರಾಣಿ ಅಂಗಡಿಯ ತಿಂಗಳ ಲೆಕ್ಕವನ್ನು ನೆನಪಿಸಿಕೊಳ್ಳಿ ಎಂದೆ. ತಿಂಗಳಿಡೀ ಬರೆಸಿ ತಂದು, ಸಂಬಳದ ದಿನ ಪೂರ್ತಿ ಚುಕ್ತಾ ಮಾಡಿದರೆ ಶೆಟ್ಟರು ಒಂದು ಪೈಸೆ ಹೆಚ್ಚು ಕೇಳುವುದಿಲ್ಲ. ಈಗ ಆ ಶೆಟ್ಟರೇ, ನೀವು ಸ್ವಲ್ಪ ಬಾಕಿ ಉಳಿಸಿದ ತಿಂಗಳು ಸಕ್ಕರೆಗೆ ಅದನ್ನು ಒಯ್ದ ದಿನದಿಂದ, ಬೇಳೆಗೆ ಅದನ್ನು ಒಯ್ದ ದಿನದಿಂದ ಬಡ್ಡಿ ಹಾಕಿ, ಇನ್ನು ಮುಂದೆ ಒಯ್ಯುವ ಬೆಲ್ಲಕ್ಕೂ ಒಯ್ದ ದಿನದಿಂದಲೇ ಬಡ್ಡಿ ಎಂದರೆ ಹೇಗೆ? ಕಾರ್ಡಿನ ಕರಾರು ಇರುವುದು ಹಾಗೆ. ಬಡ್ಡಿರಹಿತ ಅವಧಿ ಎಂಬುದು ಹಿಂದಿನ ಬಿಲ್ಲನ್ನು ಪೂರ್ತಿ ತೀರಿಸಿದವರಿಗೆ ಮಾತ್ರ ಸಿಗುವ ಸೌಲಭ್ಯ. ತೀರಿಸದಿದ್ದರೆ ಹಿಂದಿನದ್ದಕ್ಕೂ ಅದು ಹೋಗುತ್ತದೆ, ಮುಂದಿನದ್ದಕ್ಕೂ ಹೋಗುತ್ತದೆ.

ಲೆಕ್ಕ ಹಾಕಿದೆವು. ಬಡ್ಡಿ ತಿಂಗಳಿಗೆ 3.5%, ವರ್ಷಕ್ಕೆ 42%. ನಮ್ಮಲ್ಲಿ ಅನೇಕ ಕಾರ್ಡುಗಳ ದರ ಇದರ ಆಚೀಚೆ ಇರುತ್ತದೆ. ಕಟ್ಟಿದ 1,400ನ್ನು ಫೋನಿನ ಬೆಲೆಯಿಂದ ಕಳೆದುಬಿಡೋಣ, ಉಳಿದದ್ದಕ್ಕೆ ಮಾತ್ರ ಬಡ್ಡಿ ಹಾಕೋಣ. ಹಾಗೆ ಮಾಡಿದರೂ 22,600ಕ್ಕೆ ಜೂನ್ 20ರಿಂದ ಆಗಸ್ಟ್ 12ರವರೆಗೆ 53 ದಿನದ ಬಡ್ಡಿ 1,378 ರೂಪಾಯಿ. ಬಟ್ಟೆಯ 4,000ಕ್ಕೆ 38 ದಿನದ ಬಡ್ಡಿ 175. ಮೊನ್ನೆ ಮೊನ್ನೆ ಕೊಂಡ 3,000ಕ್ಕೂ 9 ದಿನದ ಬಡ್ಡಿ 31. ಒಟ್ಟು 1,584. ಈ ಬಡ್ಡಿಯ ಮೇಲೆ 18% ಜಿಎಸ್‌ಟಿ, 285. ಎರಡೂ ಸೇರಿ 1,869 ರೂಪಾಯಿ. ಬಿಲ್ಲಿನ ಮೊತ್ತ 31,469.

ಅವಳು ಕಟ್ಟಿದ್ದು 1,400, ಅವಳ ಮೇಲೆ ಬಿದ್ದದ್ದು 1,869. ಹಾಲಿನಲ್ಲಿ ಸದ್ದಿಲ್ಲ. ದಿನಗಳನ್ನು ಎಣಿಸುವ ಕ್ರಮ ಬ್ಯಾಂಕಿನಿಂದ ಬ್ಯಾಂಕಿಗೆ ಒಂದಿಷ್ಟು ಬದಲಾಗಬಹುದು. ನಿಮ್ಮ ಬ್ಯಾಂಕಿನದು ಹೇಗೆಂದು ತಿಳಿಯಲು ಕಾರ್ಡಿನ ಜೊತೆ ಬರುವ ‘ಮೋಸ್ಟ್ ಇಂಪಾರ್ಟೆಂಟ್ ಟರ್ಮ್ಸ್ ಆ್ಯಂಡ್ ಕಂಡಿಷನ್ಸ್’ ಎಂಬ ಕಡತ ನೋಡಬೇಕು. ಅದರಲ್ಲಿ ಒಂದು ಉದಾಹರಣೆ ಬಿಡಿಸಿ ತೋರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಇಡೀ ಕಡತ ಓದಲು ನಾನು ಯಾರಿಗೂ ಹೇಳುವುದಿಲ್ಲ, ನಾನೇ ಪೂರ್ತಿ ಓದಿದ್ದು ಕೆಲಸದ ಒತ್ತಾಯಕ್ಕೆ. ಬಡ್ಡಿಯ ಉದಾಹರಣೆ ಇರುವ ಅರ್ಧ ಪುಟ ಓದಿದರೆ ಸಾಕು.

‘ಹಾಗಾದರೆ ಮಿನಿಮಮ್ ಯಾಕೆ ಇಟ್ಟಿದ್ದಾರೆ ಸರ್?’ ಎಂದು ಬಿ.ಸಿ.ಎ. ಹುಡುಗಿಯೊಬ್ಬಳು ಕೇಳಿದಳು. ಮಿನಿಮಮ್ ಕಟ್ಟಿದರೆ ನೀವು ಸುಸ್ತಿದಾರರಲ್ಲ, ಅಷ್ಟೇ. ತಡ ಶುಲ್ಕ ಬೀಳುವುದಿಲ್ಲ, ಸಿಬಿಲ್‌ನಂಥ ಸಂಸ್ಥೆಗಳಿಗೆ ‘ಬಾಕಿ’ ಎಂದು ವರದಿ ಹೋಗುವುದಿಲ್ಲ. ಅದು ಬಡ್ಡಿಯಿಂದ ಬಿಡುಗಡೆಯಲ್ಲ. ಆಸ್ಪತ್ರೆ, ಸಂಬಳ ತಡ ಎಂಬಂಥ ಒಂದು ತಿಂಗಳಿಗೆ ಅದು ಉಪಯೋಗಕ್ಕೆ ಬರುತ್ತದೆ. ಅದನ್ನೇ ರೂಢಿ ಮಾಡಿಕೊಂಡರೆ ಏನಾಗುತ್ತದೆ ಎಂದು ಅದೇ ಬಿಲ್ಲನ್ನು ಮುಂದುವರಿಸಿದೆವು. ಬಾಕಿ ಬೆಳೆಯುತ್ತಲೇ ಹೋಗುವಂತೆ ಮಿನಿಮಮ್ ಇರಬಾರದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಹಾಗಾಗಿ ಮುಂದಿನ ಬಿಲ್ಲುಗಳಲ್ಲಿ ಬಡ್ಡಿ, ತೆರಿಗೆ ಪೂರ್ತಿಯಾಗಿ ಮತ್ತು ಅಸಲಿನ 5% ಸೇರಿಸಿ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ತೆರಿಗೆ ಸೇರಿ ಬಡ್ಡಿ ತಿಂಗಳಿಗೆ ಸುಮಾರು 4.13%. ಅಂದರೆ ಕಟ್ಟುವ ಪ್ರತಿ 9 ರೂಪಾಯಿಯಲ್ಲಿ 4 ಬಡ್ಡಿಗೇ ಹೋಯಿತು. ಹೊಸದೇನೂ ಕೊಳ್ಳದೆ, ಒಂದು ತಿಂಗಳೂ ತಪ್ಪದೆ ಹೀಗೆ 14 ತಿಂಗಳು ಕಟ್ಟಿದರೂ 29,600ರ ಅಸಲಿನಲ್ಲಿ ಇನ್ನೂ 14,400ರಷ್ಟು ಉಳಿದಿರುತ್ತದೆ. ಅಷ್ಟರಲ್ಲಿ ಬಡ್ಡಿ ಮತ್ತು ತೆರಿಗೆಗೆ ಹೋದದ್ದು ಸುಮಾರು ಹನ್ನೆರಡೂವರೆ ಸಾವಿರ. ಗೆಳತಿ ತನ್ನ 24,000ವನ್ನು ಆರು ಕಂತಿನಲ್ಲಿ ತೀರಿಸಿ, ಹೊಸ ಫೋನಿಗೆ ಕಣ್ಣು ಹಾಕಿರುತ್ತಾಳೆ.

ಇಷ್ಟು ಬಡ್ಡಿಗೆ ಕಾನೂನಿನ ತಡೆ ಇಲ್ಲವೇ? ವರ್ಷಕ್ಕೆ 30% ಮೀರುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ಆದ್ದರಿಂದ ಆ ದಾರಿಯಲ್ಲಿ ನೆರವು ಬರುತ್ತದೆಂದು ಕಾಯುವುದು ವ್ಯರ್ಥ.

ಈಗಾಗಲೇ ಸಿಕ್ಕಿಕೊಂಡವರು ಹೊರಬರುವುದು ಹೇಗೆ ಎಂಬುದಕ್ಕೂ ಅದೇ ಬಿಲ್ಲು ಸಾಕು. ಮೊದಲು ಆ ಕಾರ್ಡಿನ ಬಳಕೆ ನಿಲ್ಲಬೇಕು. ಬಾಕಿ ಇರುವಷ್ಟು ದಿನ ಹಾಲಿನ ಪ್ಯಾಕೆಟ್ಟಿಗೂ ಕೊಂಡ ದಿನದಿಂದಲೇ 42%. ಎರಡನೆಯದಾಗಿ, ಡ್ಯೂ ಡೇಟ್‌ವರೆಗೆ ಕಾಯಬಾರದು. ಬಡ್ಡಿ ದಿನದ ಲೆಕ್ಕದಲ್ಲಿ ಏರುವುದರಿಂದ 5ಕ್ಕೆ ಸಂಬಳ ಬಂದರೆ 5ಕ್ಕೇ, ಗೆಳತಿ ಎರಡು ಸಾವಿರ ಕೊಟ್ಟರೆ ಕೊಟ್ಟ ದಿನವೇ ಕಟ್ಟಬೇಕು. ಉಳಿತಾಯ ಖಾತೆಯಲ್ಲಿ ಅಥವಾ ಆರ್.ಡಿ.ಯಲ್ಲಿ ಹಣವಿದ್ದರೆ ಅದನ್ನು ಒಡೆದು ಇದಕ್ಕೆ ಹಾಕುವುದು ಲಾಭ. ಅಲ್ಲಿ ಸಿಗುವ ಬಡ್ಡಿ ಇಲ್ಲಿ ಕೊಡುವ ಬಡ್ಡಿಯ ಹತ್ತಿರಕ್ಕೂ ಬರುವುದಿಲ್ಲ. ಅದೂ ಇಲ್ಲದಿದ್ದರೆ ಬ್ಯಾಂಕಿಗೆ ಫೋನು ಮಾಡಿ ಬಾಕಿಯನ್ನು ಇಎಂಐ ಮಾಡಿಸಿಕೊಳ್ಳಬಹುದು. 30,000 ರೂಪಾಯಿಯನ್ನು ವರ್ಷಕ್ಕೆ 16%ರಂತೆ 6 ಕಂತು ಮಾಡಿದರೆ ತಿಂಗಳಿಗೆ ಸುಮಾರು 5,240. ಒಟ್ಟು ಬಡ್ಡಿ 1,400 ಚಿಲ್ಲರೆ, ಅದರ ಮೇಲೆ ಜಿಎಸ್‌ಟಿ ಮತ್ತು ಒಂದಿಷ್ಟು ಸಂಸ್ಕರಣಾ ಶುಲ್ಕ. ಹನ್ನೆರಡೂವರೆ ಸಾವಿರದ ಮುಂದೆ ಇದು ಎಷ್ಟೋ ವಾಸಿ. ಮನೆಯಲ್ಲಿ ಅಣ್ಣನ ಹತ್ತಿರವೋ ಅಪ್ಪನ ಹತ್ತಿರವೋ ಕೇಳಬಹುದಾದರೆ ಅದು ಇನ್ನೂ ಅಗ್ಗ, ಬೈಗುಳ ತಿಂದರೂ ಸರಿ.

ಹೀಗೆ ಪೂರ್ತಿ ತೀರಿಸಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಒಂದು ಸಣ್ಣ ಬಡ್ಡಿ ಕಾಣಿಸಿಕೊಳ್ಳುತ್ತದೆ. ಬಿಲ್ಲು ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು. ಮೋಸವೆಂದು ತಿಳಿದು ಸಿಟ್ಟಿನಲ್ಲಿ ಕಟ್ಟದೆ ಬಿಟ್ಟವರಿದ್ದಾರೆ. ನೂರಿನ್ನೂರು ರೂಪಾಯಿಯ ಆ ಬಾಕಿಯಿಂದ ಬಡ್ಡಿರಹಿತ ಅವಧಿ ಮತ್ತೆ ಕೈತಪ್ಪುತ್ತದೆ.

ಅಭ್ಯಾಸಗಳೆಂದು ನಾನು ಹೇಳಿದವು ಹೆಚ್ಚಿಲ್ಲ, ಎಲ್ಲವೂ ಈ ಬಿಲ್ಲಿನಿಂದಲೇ ಹೊರಟವು. ಕಾರ್ಡು ಬಂದ ದಿನವೇ ಆಟೋ ಪೇ ಹಾಕಿಕೊಳ್ಳಿ. ಆ ಪುಟದಲ್ಲಿ ಎರಡು ಆಯ್ಕೆ ಇರುತ್ತವೆ, ಮಿನಿಮಮ್ ಅಮೌಂಟ್ ಮತ್ತು ಟೋಟಲ್ ಅಮೌಂಟ್. ಅವಸರದಲ್ಲಿ ಮೊದಲನೆಯದನ್ನು ಒತ್ತಿ, ಆಟೋ ಪೇ ಇದೆಯಲ್ಲ ಎಂದು ನಿಶ್ಚಿಂತೆಯಿಂದ ತಿಂಗಳುಗಟ್ಟಲೆ ಬಡ್ಡಿ ತೆತ್ತವರನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ಒತ್ತಬೇಕಾದದ್ದು ಟೋಟಲ್. ಹಾಕಿಕೊಂಡ ತಕ್ಷಣ ಅದು ಜಾರಿಗೆ ಬರದೆಯೂ ಇರಬಹುದು, ಆದ್ದರಿಂದ ಮೊದಲ ಬಿಲ್ಲನ್ನು ನೀವೇ ಕಟ್ಟಿ. ಖಾತೆಯಲ್ಲಿ ಹಣವಿಲ್ಲದೆ ಆಟೋ ಪೇ ವಾಪಸಾದರೆ ಖಾತೆಯ ಬ್ಯಾಂಕೂ ಶುಲ್ಕ ಹಾಕುತ್ತದೆ, ಕಾರ್ಡಿನ ಬ್ಯಾಂಕೂ ಹಾಕುತ್ತದೆ.

ಹಣವಿಲ್ಲದಿರುವ ಪ್ರಸಂಗ ಬರುವುದೇ ನಮ್ಮ ಹುಡುಗಿಯಂತೆ ಸಂಬಳ 5ಕ್ಕೆ, ಡ್ಯೂ ಡೇಟ್ 1ಕ್ಕೆ ಇದ್ದಾಗ. ಇದನ್ನು ಸರಿಪಡಿಸಬಹುದೆಂದು ಬಹಳ ಜನಕ್ಕೆ ಗೊತ್ತಿಲ್ಲ. ಬಿಲ್ಲಿನ ಚಕ್ರವನ್ನು ಕನಿಷ್ಠ ಒಂದು ಸಲವಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಸ್ಟೇಟ್‌ಮೆಂಟನ್ನು 18-20ರ ಸುಮಾರಿಗೆ ಸರಿಸಿದರೆ ಡ್ಯೂ ಡೇಟ್ 8-10ಕ್ಕೆ ಬರುತ್ತದೆ, ಸಂಬಳ ಬಂದು ಖರ್ಚಾಗುವ ಮೊದಲೇ ಬಿಲ್ಲು ತೀರುತ್ತದೆ. ಅಕಸ್ಮಾತ್ ದಿನ ಮರೆತರೂ ಗಾಬರಿ ಬೇಡ. ಡ್ಯೂ ಡೇಟ್ ಕಳೆದು ಮೂರು ದಿನ ಮೀರುವವರೆಗೆ ತಡ ಶುಲ್ಕ ಹಾಕುವಂತಿಲ್ಲ, ಬಾಕಿ ಎಂದು ವರದಿ ಮಾಡುವಂತಿಲ್ಲ. ಆದರೆ ಈ ಮೂರು ದಿನ ಬಡ್ಡಿಗೆ ವಿನಾಯಿತಿ ಎಂದು ತಿಳಿಯಬಾರದು.

ಗೆಳತಿಯ ಫೋನಿನ ವಿಷಯಕ್ಕೆ ಹುಡುಗರ ಕಡೆಯಿಂದ ತಕರಾರು ಬಂತು. ‘ಕೊಡಲ್ಲ ಅನ್ನೋಕಾಗುತ್ತಾ ಸರ್, ಫ್ರೆಂಡ್ ಅಲ್ವಾ?’ ಆಗುವುದಿಲ್ಲ, ಒಪ್ಪಿದೆ. ಆಗ ಒಂದೇ ಷರತ್ತು ಹಾಕಿ ಎಂದೆ: ಪೂರ್ತಿ ಹಣ ಮೊದಲು ನಿಮ್ಮ ಖಾತೆಗೆ ಬರಲಿ, ಆಮೇಲೆ ಕಾರ್ಡು. ರಿಯಾಯಿತಿ ಅವಳಿಗೆ ಸಿಗುತ್ತದೆ, ಸಾಲ ನಿಮಗೆ ಬರುವುದಿಲ್ಲ. ಆ ಹಣವನ್ನು ಅದೇ ದಿನ ಕಾರ್ಡಿಗೆ ಕಟ್ಟಿಬಿಟ್ಟರೆ ಊಟ-ಓಡಾಟಕ್ಕೆ ಖರ್ಚಾಗುವ ಭಯವೂ ಇಲ್ಲ. ಕಂತಿನಲ್ಲಿ ಕೊಡುತ್ತೇನೆ ಎನ್ನುವವರಿಗೆ ಬೇಕಿರುವುದು ನಿಮ್ಮ ಕಾರ್ಡಲ್ಲ, ನಿಮ್ಮ ಸಾಲ.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವುದು ಒಳ್ಳೆಯದೇ ಎಂಬ ಪ್ರಶ್ನೆ ಮಾತ್ರ ಇತ್ತೀಚಿನದು. 2022ರಿಂದ ಆ ಸೌಲಭ್ಯ ಬಂದಿದೆ, ಅಂಗಡಿಯ ಕ್ಯೂಆರ್ ಕೋಡಿಗೆ ಕಾರ್ಡಿನಿಂದಲೇ ಹಣ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಆರು ತಿಂಗಳು ಇದು ಬೇಡ. ಟೀ, ಇಡ್ಲಿ, ಆಟೋ ಎಲ್ಲ ಬಿಲ್ಲಿಗೆ ಸೇರಿ, ಎರಡು ಪುಟದ ಸ್ಟೇಟ್‌ಮೆಂಟು ಆರು ಪುಟವಾಗುತ್ತದೆ. ಆರು ಪುಟ ಯಾರೂ ಓದುವುದಿಲ್ಲ, ನೀವು ಮಾಡದ ಖರ್ಚೊಂದು ನಡುವೆ ನುಸುಳಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಮೊದಮೊದಲು ಕಾರ್ಡಿಗೆ ಒಂದೋ ಎರಡೋ ಗೊತ್ತಾದ ಖರ್ಚು ಮಾತ್ರ ಕೊಡಿ: ಮೊಬೈಲ್ ರೀಚಾರ್ಜು, ಊರಿಗೆ ಹೋಗುವ ಬಸ್ ಟಿಕೆಟ್ಟು. ಎಟಿಎಂನಿಂದ ನಗದು ತೆಗೆಯಲು ಕಾರ್ಡು ಬೇಡವೇ ಬೇಡ. ಅದಕ್ಕೆ ಬಡ್ಡಿರಹಿತ ದಿನ ಒಂದೂ ಇಲ್ಲ, ತೆಗೆದ ಕ್ಷಣದಿಂದ ಬಡ್ಡಿ, ಮೇಲೆ ಪ್ರತ್ಯೇಕ ಶುಲ್ಕ.

ಕೆಲಸ ಇನ್ನೂ ಸಿಗದ ಹುಡುಗನೊಬ್ಬ, ಸಂಬಳದ ಚೀಟಿ ಇಲ್ಲದೆ ಕಾರ್ಡು ಸಿಗುತ್ತದೆಯೇ ಎಂದು ಕೇಳಿದ. ಎಫ್.ಡಿ. ಇಟ್ಟು ಅದರ ಆಧಾರದ ಮೇಲೆ ಕಾರ್ಡು ಪಡೆಯಬಹುದು. 20,000 ಇಟ್ಟರೆ ಅದಕ್ಕಿಂತ ತುಸು ಕಡಿಮೆ ಮಿತಿ ಕೊಡುವುದು ವಾಡಿಕೆ. ಎಫ್.ಡಿ.ಗೆ ಬಡ್ಡಿ ಬರುತ್ತಿರುತ್ತದೆ, ನೀವು ಕಟ್ಟದಿದ್ದರೆ ಬ್ಯಾಂಕು ಅದನ್ನು ಹಿಡಿದುಕೊಳ್ಳುತ್ತದೆ. ಮಿತಿ ಚಿಕ್ಕದಾಗಿರುವುದೇ ಇದರ ಗುಣ. ಇಲ್ಲಿಯೂ ಟೋಟಲ್, ಮಿನಿಮಮ್, ಬಡ್ಡಿ ಎಲ್ಲ ಹಾಗೇ ಇರುತ್ತವೆ, ಆಧಾರ ಕೊಟ್ಟಿದ್ದೇವೆಂದು ರಿಯಾಯಿತಿ ಇಲ್ಲ. ಸಂಬಳದವರಿಗೆ ಸಿಗುವ ದೊಡ್ಡ ಮಿತಿಯನ್ನೂ ಆ್ಯಪಿನಲ್ಲಿ ಕಾರ್ಡ್ ಕಂಟ್ರೋಲ್ ಎಂಬ ಕಡೆ ಹೋಗಿ ನಿಮ್ಮಷ್ಟಕ್ಕೆ ಇಳಿಸಿಕೊಳ್ಳಬಹುದು. ವಿದೇಶಿ ವ್ಯವಹಾರವನ್ನು ಅಲ್ಲೇ ಮುಚ್ಚಿಡಬಹುದು.

ಎಜುಕೇಷನ್ ಲೋನ್ ತೆಗೆದವರು ಕೈ ಎತ್ತಿ ಎಂದೆ, ಹತ್ತಾರು ಕೈ ಮೇಲೆ ಬಂದವು. ನಿಮ್ಮ ಹೆಸರು ಈಗಾಗಲೇ ಸಿಬಿಲ್‌ನಲ್ಲಿದೆ, ಜೊತೆಗೆ ಸಹಿ ಹಾಕಿದ ಅಪ್ಪನ ಹೆಸರೂ ಅದೇ ಸಾಲದ ಎದುರು ಇದೆ ಎಂದಾಗ ಕೆಲವರ ಮುಖ ಗಂಭೀರವಾಯಿತು. ಕಾರ್ಡಿನ ಬಾಕಿ ಅಪ್ಪನ ವರದಿಗೆ ಹೋಗುವುದಿಲ್ಲ. ಆದರೆ ಕಾರ್ಡಿನ ಬಡ್ಡಿಗೆ ಹಣ ಹೋಗಿ ಲೋನಿನ ಕಂತು ತಪ್ಪಿದರೆ ಅದು ಇಬ್ಬರ ವರದಿಯಲ್ಲೂ ಕಾಣುತ್ತದೆ. ಎರಡರಲ್ಲಿ ಒಂದನ್ನೇ ಪೂರ್ತಿ ಕಟ್ಟಲು ಹಣವಿರುವ ತಿಂಗಳು ಬಂದರೆ, ಮೊದಲು ಲೋನಿನ ಕಂತು, ಉಳಿದದ್ದರಲ್ಲಿ ಕಾರ್ಡಿನ ಮಿನಿಮಮ್. ಮಿನಿಮಮ್ ಕಟ್ಟುವುದಕ್ಕೆ ಅರ್ಥವಿರುವುದು ಅಂಥ ತಿಂಗಳಲ್ಲಿ. ಈ ವರದಿಯನ್ನು ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಸಲ ಪುಕ್ಕಟೆಯಾಗಿ ಕೊಡಬೇಕು, ಅವುಗಳ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಬಹುದು.

ಕೊನೆಗೆ ಹಿಂದಿನ ಬೆಂಚಿನಿಂದ ಬಂದದ್ದು: ತೆಗೆದುಕೊಂಡ ಮೇಲೆ ಬೇಡ ಅನ್ನಿಸಿದರೆ? ಬಾಕಿ ಪೂರ್ತಿ ತೀರಿಸಿ, ಕಾರ್ಡು ಮುಚ್ಚಿ ಎಂದು ಇ-ಮೇಲಿನಲ್ಲೋ ಆ್ಯಪಿನಲ್ಲೋ ಕೋರಿಕೆ ಕೊಡಿ. ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ಮುಚ್ಚದಿದ್ದರೆ, ಬಾಕಿ ಏನೂ ಇಲ್ಲದ ಪಕ್ಷದಲ್ಲಿ, ತಡವಾದ ಪ್ರತಿ ದಿನಕ್ಕೆ 500 ರೂಪಾಯಿಯಂತೆ ನಿಮಗೇ ದಂಡ ಕೊಡಬೇಕು. ಬೇಡವೆಂದು ಕತ್ತರಿಸಿ ಬಿಸಾಡಿದರೆ ಮಾತ್ರ ಕಾರ್ಡು ಮುಚ್ಚಿದಂತಾಗುವುದಿಲ್ಲ. ವಾರ್ಷಿಕ ಶುಲ್ಕವಿರುವ ಕಾರ್ಡಾದರೆ ಮುಂದಿನ ವರ್ಷ ಆ ಶುಲ್ಕಕ್ಕೆ ಬಿಲ್ಲು ಬರುತ್ತದೆ. ಆ ಬಿಲ್ಲಿಗೂ ಡ್ಯೂ ಡೇಟ್ ಇರುತ್ತದೆ.